ಪಾರ್ಸೆಲ್ ಕೈಗೆ ಬರುವ ಮೊದಲೇ ಓಟಿಪಿ ಕೇಳಿದರೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ಅಮ್ಮ ಹಾಸನದಲ್ಲಿದ್ದಾರೆ. ಅವರಿಗೆಂದು 18 ಸಾವಿರ ರೂಪಾಯಿಯ ಮೊಬೈಲ್ ತರಿಸಿದ್ದೆ. ಪಾರ್ಸೆಲ್ ತಂದ ಹುಡುಗ ಗೇಟಿನ ಹತ್ತಿರ ನಿಂತು, ‘ಮೊದಲು ಓಟಿಪಿ ಹೇಳಿ, ಆಮೇಲೆ ಬಾಕ್ಸ್ ಕೊಡುತ್ತೇನೆ’ ಎಂದನಂತೆ. ಓಟಿಪಿ ಬಂದದ್ದು ನನ್ನ ಫೋನಿಗೆ. ‘ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರೇ ಹೇಳಿದ್ದಾರೆ’ ಎಂದು ಅಪ್ಪ ಅವನನ್ನು ವಾಪಸ್ ಕಳಿಸಿಬಿಟ್ಟರು. ಮರುದಿನ ಇನ್ನೊಬ್ಬ ನನಗೇ ಫೋನ್ ಮಾಡಿ, ‘ನಿಮ್ಮ ಏರಿಯಾದಲ್ಲೇ ಇದ್ದೇನೆ, ಓಟಿಪಿ ಹೇಳಿ, ಸಂಜೆ ಮನೆಗೆ ತಂದು ಕೊಡುತ್ತೇನೆ’ ಎಂದ. ನಾನು ಹೇಳಲಿಲ್ಲ. ಇಂಥವರಿಗೆ ಓಟಿಪಿ ಕೊಡಬೇಕೋ ಬೇಡವೋ? ಕೊಟ್ಟರೆ ಖಾತೆಯಲ್ಲಿರುವ ಹಣ ಹೋಗುತ್ತದೆಯೇ?

ಉತ್ತರ: ಮೊದಲ ದಿನ ಗೇಟಿಗೆ ಬಂದವನಿಗೆ ಕೊಡಬಹುದಿತ್ತು, ಮರುದಿನ ಫೋನ್ ಮಾಡಿದವನಿಗೆ ಕೊಡದೆ ಇದ್ದದ್ದು ಸರಿ. ಇಬ್ಬರೂ ಕೇಳಿದ್ದು ಒಂದೇ ಸಂಖ್ಯೆಯನ್ನಾದರೂ ಎರಡು ಸಂದರ್ಭಗಳು ಬೇರೆ ಬೇರೆ. ನಾನು ಕೆಲವು ವರ್ಷ ಕೊರಿಯರ್ ಸಂಸ್ಥೆಯೊಂದರ ವಿತರಣಾ ಕೇಂದ್ರದಲ್ಲಿದ್ದು, ಅನಂತರ ಬ್ಯಾಂಕಿನ ಗ್ರಾಹಕ ದೂರು ವಿಭಾಗಕ್ಕೆ ಬಂದವನು. ಹೀಗಾಗಿ ಈ ಸಂಖ್ಯೆಯನ್ನು ಬಾಗಿಲಿನ ಹೊರಗಿನಿಂದಲೂ ಒಳಗಿನಿಂದಲೂ ನೋಡಿದ್ದೇನೆ.

ಪಾರ್ಸೆಲ್‌ನ ಓಟಿಪಿ ಎಂಬುದು ನಿಮ್ಮ ಆ ಒಂದು ಪಾರ್ಸೆಲ್‌ಗೆ ಮಾತ್ರ ಕಟ್ಟಿದ ಸಂಖ್ಯೆ. ಡೆಲಿವರಿ ಹುಡುಗನ ಫೋನಿನಲ್ಲಿರುವ ಆ್ಯಪ್‌ನಲ್ಲಿ ಅದನ್ನು ತುಂಬುವ ಖಾಲಿ ಜಾಗವೊಂದಿರುತ್ತದೆ. ಸಂಖ್ಯೆ ತಾಳೆಯಾದ ಕೂಡಲೇ ಆ ಪಾರ್ಸೆಲ್‌ನ ಎದುರಿಗೆ ‘ಡೆಲಿವರ್ಡ್’ ಎಂದು ದಾಖಲಾಗುತ್ತದೆ, ಅಷ್ಟೇ. ನಿಮ್ಮ ಬ್ಯಾಂಕ್ ಖಾತೆಗೂ ಅದಕ್ಕೂ ಸಂಬಂಧವಿಲ್ಲದ ಕಾರಣ, ಅದನ್ನು ಊರಿಗೆಲ್ಲ ಡಂಗುರ ಹೊಡೆದರೂ ಖಾತೆಯಿಂದ ಒಂದು ರೂಪಾಯಿ ಕದಲುವುದಿಲ್ಲ. ಆದರೆ ಅದು ನಿಮ್ಮ ಸಹಿ ಎಂಬುದನ್ನು ಮರೆಯಬಾರದು. ಹಿಂದೆ ಅಂಚೆಯಣ್ಣ ರಿಜಿಸ್ಟರ್ಡ್ ಪತ್ರ ಕೊಡುವಾಗ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದ. ಕೊರಿಯರ್‌ನವರೂ ಹಾಗೆಯೇ ಹಾಳೆಯ ಮೇಲೆ ಸಹಿ ಪಡೆಯುತ್ತಿದ್ದರು. ಆ ಹಾಳೆಯಲ್ಲಿ ಯಾರೋ ಗೀಚಿದ ಗೆರೆಯನ್ನು ತೋರಿಸಿ ‘ಕೊಟ್ಟಿದ್ದೇವೆ’ ಎಂದು ಒಬ್ಬರು, ‘ಬಂದೇ ಇಲ್ಲ’ ಎಂದು ಇನ್ನೊಬ್ಬರು ವಾದಿಸುತ್ತಿದ್ದ ಜಗಳಗಳಿಗೆ ಲೆಕ್ಕವಿರಲಿಲ್ಲ. ಆ ಜಗಳವನ್ನು ತಪ್ಪಿಸಲೆಂದೇ ಮೊಬೈಲ್, ಲ್ಯಾಪ್‌ಟಾಪ್‌ಗಳಂಥ ಬೆಲೆಬಾಳುವ ವಸ್ತುಗಳಿಗೆ ಓಟಿಪಿ ಬಂದಿತು. ಈಗ ಅಂಚೆ ಇಲಾಖೆಯೂ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ಗೆ ಈ ಸೌಲಭ್ಯವನ್ನು ಕೊಟ್ಟಿದೆ. ಕಳಿಸುವವರು ಪ್ರತಿ ವಸ್ತುವಿಗೆ 5 ರೂಪಾಯಿ ಮತ್ತು ತೆರಿಗೆ ಕೊಟ್ಟರೆ, ಪಡೆಯುವವರು ಓಟಿಪಿ ಹೇಳಿದ ಮೇಲೆಯೇ ವಿತರಣೆಯಾಗುತ್ತದೆ.

ಬ್ಯಾಂಕಿನ ಓಟಿಪಿ ಇದಕ್ಕಿಂತ ಬೇರೆ. ಕಾರ್ಡ್ ಸಂಖ್ಯೆ ಒಂದನ್ನೇ ನಂಬಿ ಆನ್‌ಲೈನ್‌ನಲ್ಲಿ ಹಣ ಕಡಿತ ಮಾಡುವಂತಿಲ್ಲ, ಗ್ರಾಹಕರಿಂದ ಇನ್ನೊಂದು ದೃಢೀಕರಣ ಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2009ರಲ್ಲಿ ಜಾರಿಗೆ ಬಂದಿತು. ಅಲ್ಲಿ ಆ ಸಂಖ್ಯೆ ‘ಇಷ್ಟು ಹಣವನ್ನು ಇಂಥವರಿಗೆ ಕೊಡಿ’ ಎಂಬ ನಿಮ್ಮ ಒಪ್ಪಿಗೆ. ಅದನ್ನು ಎದುರಿಗಿರುವ ಮನುಷ್ಯನಿಗೆ ಹೇಳಬೇಕಾದ ಸಂದರ್ಭವೇ ಇಲ್ಲ. ನೀವೇ ನಿಮ್ಮ ಪರದೆಯ ಮೇಲೆ ತುಂಬಬೇಕು. ನಿಮ್ಮ ತಂದೆಯವರು ಬ್ಯಾಂಕಿನ ಮಾತನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಾರೆ. ಆ ಮಾತು ಎಲ್ಲ ಓಟಿಪಿಗಳಿಗೂ ಅನ್ವಯಿಸುತ್ತದೆ ಎಂದುಕೊಂಡದ್ದಷ್ಟೇ ತಪ್ಪಾಯಿತು. ತಪ್ಪು ಅವರದೂ ಅಲ್ಲ, ಎರಡು ಬೇರೆ ಕೆಲಸಗಳಿಗೆ ಒಂದೇ ಹೆಸರಿಟ್ಟವರದು.

ಹಾಗಾದರೆ ಬಂದ ಓಟಿಪಿ ಯಾವುದಕ್ಕೆ ಎಂದು ತಿಳಿಯುವುದು ಹೇಗೆ? ನಾಲ್ಕು ಅಂಕಿಯಿದ್ದರೆ ಪಾರ್ಸೆಲ್‌ನದು, ಆರು ಅಂಕಿಯಿದ್ದರೆ ಬ್ಯಾಂಕಿನದು ಎಂದು ಬಹಳ ಜನ ನಂಬಿದ್ದಾರೆ. ಇದನ್ನು ನಂಬಬೇಡಿ, ಆರು ಅಂಕಿಯ ಡೆಲಿವರಿ ಓಟಿಪಿಗಳೂ ಇವೆ. ಹೆಸರಾಂತ ಶಾಪಿಂಗ್ ಸಂಸ್ಥೆಯ ಹೆಸರಿನಿಂದಲೇ ಸಂದೇಶ ಬಂದಿದ್ದರೆ ಹೇಳಬಹುದು ಎಂಬುದು ಇನ್ನೊಂದು ನಂಬಿಕೆ, ಮತ್ತು ಇದು ಹೆಚ್ಚು ಅಪಾಯಕಾರಿ. ಏಕೆಂದರೆ ಅದೇ ಸಂಸ್ಥೆ ಅದೇ ಹೆಸರಿನಿಂದ ನಿಮ್ಮ ಶಾಪಿಂಗ್ ಖಾತೆಗೆ ಲಾಗಿನ್ ಆಗಲು ಕೂಡ ಓಟಿಪಿ ಕಳಿಸುತ್ತದೆ. ನಿಮ್ಮ ಮೊಬೈಲ್ ಸಂಖ್ಯೆ ತಿಳಿದ ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಆ ಆ್ಯಪ್ ತೆರೆದು, ನಿಮ್ಮ ಸಂಖ್ಯೆಯನ್ನು ಹಾಕಿ ಲಾಗಿನ್ ಓಟಿಪಿ ಕೇಳಬಹುದು. ಸಂದೇಶ ಅಸಲಿ ಸಂಸ್ಥೆಯಿಂದಲೇ ನಿಮ್ಮ ಫೋನಿಗೆ ಬರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಕರೆ ಮಾಡಿ ‘ಪಾರ್ಸೆಲ್ ಬಂದಿದೆ, ಓಟಿಪಿ ಹೇಳಿ’ ಎಂದರೆ, ನೀವು ಕೊಡುವುದು ರಸೀದಿಯನ್ನಲ್ಲ, ಅಂಗಡಿಯ ಬೀಗದ ಕೈಯನ್ನು. ಖಾತೆಯಲ್ಲಿರುವ ಗಿಫ್ಟ್ ಕಾರ್ಡ್ ಹಣ, ಈಗ ಕೊಂಡು ಆಮೇಲೆ ಹಣ ಕಟ್ಟುವ ಸೌಲಭ್ಯ, ಉಳಿಸಿಟ್ಟ ವಿಳಾಸಗಳು ಎಲ್ಲವೂ ಅವನ ಕೈಗೆ ಹೋಗುತ್ತವೆ.

ಆದ್ದರಿಂದ ಸಂಖ್ಯೆಯನ್ನು ಓದುವ ಮೊದಲು ಅದರ ಸುತ್ತಲಿನ ವಾಕ್ಯವನ್ನು ಓದಬೇಕು. ಡೆಲಿವರಿಯ ಸಂದೇಶದಲ್ಲಿ ನೀವು ತರಿಸಿದ ವಸ್ತುವಿನ ಅಥವಾ ಆರ್ಡರ್‌ನ ಉಲ್ಲೇಖ ಮತ್ತು ಡೆಲಿವರಿ ಎಂಬ ಮಾತು ಇರುತ್ತದೆ. ಪಾರ್ಸೆಲ್ ಪಡೆಯುವಾಗ ಹೇಳಿ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಲಾಗಿನ್, ಪಾಸ್‌ವರ್ಡ್, ಟ್ರಾನ್ಸಾಕ್ಷನ್, ಕಾರ್ಡ್, ಯುಪಿಐ ಎಂಬ ಯಾವುದೇ ಪದ ಕಂಡರೆ, ಅಥವಾ ನೀವು ಕೊಡಬೇಕಿಲ್ಲದ ರೂಪಾಯಿ ಮೊತ್ತವೊಂದು ಕಂಡರೆ, ಅದು ಡೆಲಿವರಿಯದಲ್ಲ. ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬಂದ ‘ಡೆಲಿವರಿ ಓಟಿಪಿ’ಯನ್ನೂ ಸಂಶಯದಿಂದಲೇ ನೋಡಬೇಕು, ಏಕೆಂದರೆ ಸಂಸ್ಥೆಗಳು ನೋಂದಾಯಿಸಿದ ಅಕ್ಷರಗಳ ಹೆಸರಿನಿಂದ ಸಂದೇಶ ಕಳಿಸುತ್ತವೆ. ಸಂಶಯವಿದ್ದರೆ ನಿಮ್ಮ ಶಾಪಿಂಗ್ ಆ್ಯಪ್ ತೆರೆದು ಆ ಆರ್ಡರ್‌ನ ಪುಟವನ್ನು ನೋಡಿ. ಹಲವು ಸಂಸ್ಥೆಗಳು ಡೆಲಿವರಿ ಓಟಿಪಿಯನ್ನು ಅಲ್ಲಿಯೂ ತೋರಿಸುತ್ತವೆ. ಎರಡೂ ಒಂದೇ ಆಗಿದ್ದರೆ ಆ ಮಟ್ಟಿಗೆ ನಿಶ್ಚಿಂತೆ.

ಈಗ ಹುಡುಗರ ವಿಷಯ. ಗೇಟಿನಲ್ಲಿ ನಿಂತವನು ಮೊದಲು ಓಟಿಪಿ ಕೇಳಿದ್ದನ್ನು ಕೇಡೆಂದು ತಿಳಿಯಬೇಕಿಲ್ಲ. ಬೆಳಿಗ್ಗೆ ಕೇಂದ್ರದಿಂದ ಹೊರಡುವಾಗ ಅವನ ಚೀಲದಲ್ಲಿರುವ ಪ್ರತಿ ಪಾರ್ಸೆಲ್ ಅವನ ಹೆಸರಿಗೆ ಬರೆದಿರುತ್ತದೆ. ಬಾಕ್ಸ್ ಕೊಟ್ಟ ಮೇಲೆ ಗ್ರಾಹಕರು ಓಟಿಪಿ ಹೇಳದೆ ಬಾಗಿಲು ಹಾಕಿಕೊಂಡರೆ ಲೆಕ್ಕದಲ್ಲಿ ಆ ಪಾರ್ಸೆಲ್ ಅವನ ಬಳಿಯೇ ಉಳಿಯುತ್ತದೆ, ಸಂಜೆ ಅದಕ್ಕೆ ಅವನೇ ಉತ್ತರ ಹೇಳಬೇಕು. 18 ಸಾವಿರದ ಮೊಬೈಲ್ ಎಂದರೆ ಅವನ ಒಂದು ತಿಂಗಳ ದುಡಿಮೆ ಇರಬಹುದು. ಹಾಗಾಗಿ ಅವನ ಭಯವೂ ನಿಜ, ನಿಮ್ಮ ತಂದೆಯವರ ಭಯವೂ ನಿಜ. ಇಬ್ಬರ ಭಯವನ್ನೂ ಕಳೆಯುವ ಸರಳ ಕ್ರಮವೊಂದಿದೆ: ಬಾಕ್ಸನ್ನು ಇಬ್ಬರ ನಡುವೆ ಜಗುಲಿಯ ಮೇಲೆ ಇಡಿಸುವುದು, ಲೇಬಲ್ ಮೇಲಿನ ಹೆಸರು, ಅಂಟುಪಟ್ಟಿ, ಮೂಲೆಗಳನ್ನು ನೋಡುವುದು, ಬಾಕ್ಸಿನ ಮೇಲೆ ಕೈಯಿಟ್ಟುಕೊಂಡು ಓಟಿಪಿ ಹೇಳುವುದು, ಅವನ ಪರದೆಯಲ್ಲಿ ದಾಖಲಾದ ಮೇಲೆ ಎತ್ತಿಕೊಳ್ಳುವುದು. ಬಾಕ್ಸನ್ನು ಕಣ್ಣಿಗೂ ತೋರಿಸದೆ ಚೀಲದಲ್ಲೇ ಇಟ್ಟುಕೊಂಡು ಓಟಿಪಿ ಕೇಳುವವನಿಗೆ ‘ಇಲ್ಲ’ ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ಬಾಕ್ಸ್ ತೆರೆದು ತೋರಿಸಿ ಕೊಡುವ ವ್ಯವಸ್ಥೆ, ಅಂದರೆ ‘ಓಪನ್ ಬಾಕ್ಸ್ ಡೆಲಿವರಿ’ ಎಂದು ಆರ್ಡರ್‌ನಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಒಳಗಿನ ವಸ್ತುವನ್ನು ನೋಡಿ ಸರಿಯಿದೆ ಎನಿಸಿದ ಮೇಲೆಯೇ ಓಟಿಪಿ ಹೇಳಬೇಕು. ಅಲ್ಲಿ ಮೊದಲೇ ಹೇಳಿಬಿಟ್ಟು, ಆಮೇಲೆ ಸೋಪಿನ ಬಿಲ್ಲೆ ಕಂಡು ಬೆಚ್ಚಿದವರ ದೂರುಗಳೇ ನನ್ನ ಮೇಜಿಗೆ ಬರುತ್ತಿದ್ದವು, ಮತ್ತು ಅವುಗಳನ್ನು ಗೆಲ್ಲಿಸುವುದು ಕಷ್ಟವಾಗುತ್ತಿತ್ತು. ಓಪನ್ ಬಾಕ್ಸ್ ಅಲ್ಲದಿದ್ದರೆ, ಪಡೆದ ಮೇಲೆ ಲೇಬಲ್‌ನಿಂದ ಆರಂಭಿಸಿ ನಡುವೆ ನಿಲ್ಲಿಸದೆ ವಿಡಿಯೊ ಮಾಡುತ್ತಾ ಬಿಚ್ಚಿ.

ಫೋನ್‌ನಲ್ಲಿ ಕೇಳಿದವನ ವಿಷಯಕ್ಕೆ ಇಷ್ಟು ಸಹಾನುಭೂತಿ ನನಗಿಲ್ಲ. ಅವನು ಕಳ್ಳನೇ ಎನ್ನುವುದಿಲ್ಲ. ಸಂಜೆಯೊಳಗೆ ಇಷ್ಟು ಮುಗಿಸಬೇಕೆಂಬ ಒತ್ತಡವಿರುವ ಹುಡುಗ, ಮೊದಲು ಲೆಕ್ಕದಲ್ಲಿ ಮುಗಿಸಿ ಆಮೇಲೆ ತಂದುಕೊಡುವ ಅಡ್ಡದಾರಿ ಹಿಡಿಯುವುದುಂಟು. ಕೇಂದ್ರದಲ್ಲಿ ಕೂತು ನಾನೇ ಇದನ್ನು ಕಂಡಿದ್ದೇನೆ, ಬೈದದ್ದೂ ಇದೆ. ಆದರೆ ನೀವು ಓಟಿಪಿ ಹೇಳಿದ ಕ್ಷಣದಿಂದ ಆ ಬಾಕ್ಸ್‌ಗೆ ಸಂಸ್ಥೆಯ ಲೆಕ್ಕದಲ್ಲಿ ನೀವೇ ಒಡೆಯರು, ವಾಸ್ತವದಲ್ಲಿ ಅದು ಅವನ ಚೀಲದಲ್ಲಿದೆ. ಅದು ದಾರಿಯಲ್ಲಿ ಕಳೆದರೆ, ಬದಲಾದರೆ, ಅವನು ಮರುದಿನ ಕೆಲಸ ಬಿಟ್ಟರೆ, ‘ಗ್ರಾಹಕರ ಓಟಿಪಿಯೊಂದಿಗೆ ತಲುಪಿಸಲಾಗಿದೆ’ ಎಂಬ ಉತ್ತರ ನಿಮಗೆ ಕಾದಿರುತ್ತದೆ. ಇದರಲ್ಲೇ ಇನ್ನೊಂದು ಬಗೆಯಿದೆ. ಗ್ರಾಹಕರು ಮನೆಯಲ್ಲಿರಲಿಲ್ಲ ಎಂದು ಹುಡುಗರು ಸುಳ್ಳು ದಾಖಲಿಸುವುದನ್ನು ತಡೆಯಲು, ಡೆಲಿವರಿ ರದ್ದಾಯಿತು ಅಥವಾ ಮುಂದೂಡಲಾಯಿತು ಎಂಬುದಕ್ಕೂ ಕೆಲವು ಕಡೆ ಗ್ರಾಹಕರ ಓಟಿಪಿ ಕೇಳುತ್ತಾರೆ. ನಿಮ್ಮ ಬೀದಿಯವರೆಗೆ ಬರಲು ಮನಸ್ಸಿಲ್ಲದವನು ‘ನಾಳೆ ತರುತ್ತೇನೆ, ಓಟಿಪಿ ಹೇಳಿ’ ಎಂದು ಅದನ್ನು ಪಡೆದರೆ, ನೀವೇ ಬೇಡವೆಂದಿರಿ ಎಂದು ದಾಖಲಾಗಿ ಪಾರ್ಸೆಲ್ ಮಾರಾಟಗಾರರಿಗೆ ಹಿಂತಿರುಗುತ್ತದೆ. ಇಲ್ಲಿಯೂ ಸಂದೇಶದ ವಾಕ್ಯವೇ ನಿಮಗೆ ನಿಜ ಹೇಳುವುದು.

ನಿಜವಾದ ಹಣದ ನಷ್ಟ ಆಗುವುದು ಮಾತ್ರ ನೀವು ಏನನ್ನೂ ತರಿಸದೆ ಇರುವಾಗ. ನನ್ನ ಬಳಿಗೆ ಬಂದ ಒಂದು ದೂರನ್ನು ಗುರುತು ಮರೆಸಿ ಹೇಳುತ್ತೇನೆ. ನಿವೃತ್ತ ಶಿಕ್ಷಕರೊಬ್ಬರ ಮನೆಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಪಾರ್ಸೆಲ್ ಹಿಡಿದು ಬಂದ. ಲೇಬಲ್ ಮೇಲೆ ಅವರದೇ ಹೆಸರು, ವಿಳಾಸ, ಫೋನ್ ಸಂಖ್ಯೆ. 1,450 ರೂಪಾಯಿ ಕೊಟ್ಟು ಪಡೆಯಬೇಕಾದ ಕ್ಯಾಶ್ ಆನ್ ಡೆಲಿವರಿ. ‘ನಾನು ಏನನ್ನೂ ತರಿಸಿಲ್ಲ’ ಎಂದರು ಮೇಷ್ಟ್ರು. ಅವನು ವಾದಿಸಲಿಲ್ಲ. ‘ಪರವಾಗಿಲ್ಲ ಸಾರ್, ಕ್ಯಾನ್ಸಲ್ ಮಾಡೋಣ’ ಎಂದು ಯಾರಿಗೋ ಫೋನ್ ಮಾಡಿ, ‘ಕಸ್ಟಮರ್ ಕೇರ್‌ನವರು’ ಎಂದು ಫೋನನ್ನು ಅವರ ಕೈಗೆ ಕೊಟ್ಟ. ಅತ್ತ ಕಡೆಯ ಹೆಣ್ಣುದನಿ ಮರ್ಯಾದೆಯಿಂದ ಮಾತಾಡಿ, ದಾಖಲೆಗೆ ಬೇಕೆಂದು ಅವರ ಕಾರ್ಡಿನ ವಿವರವನ್ನೂ ಕೇಳಿ ಪಡೆಯಿತು; ನಂತರ ‘ಈಗ ಕ್ಯಾನ್ಸಲೇಷನ್ ಓಟಿಪಿ ಬರುತ್ತದೆ, ಹೇಳಿ’ ಎಂದಿತು. ಅವರು ಹೇಳಿದರು. ‘ಅದು ಆಗಲಿಲ್ಲ, ಇನ್ನೊಂದು ಬರುತ್ತದೆ’ ಎಂದಾಗ ಅದನ್ನೂ ಹೇಳಿದರು. ಹುಡುಗ ಪಾರ್ಸೆಲ್ ತೆಗೆದುಕೊಂಡು ನಮಸ್ಕಾರ ಮಾಡಿ ಹೋದ. ಮೊದಲನೆಯದು 38,600 ರೂಪಾಯಿಯ ಖರೀದಿಗೆ, ಎರಡನೆಯದು 41,200ಕ್ಕೆ. ಎರಡೂ ಸಂದೇಶಗಳಲ್ಲಿ ಮೊತ್ತ ಸ್ಪಷ್ಟವಾಗಿತ್ತು, ಆದರೆ ಮೇಷ್ಟ್ರ ಕಣ್ಣು ಅಂಕಿಗಳನ್ನಷ್ಟೇ ಹುಡುಕಿತ್ತು. ಊಟದ ಹೊತ್ತಿಗೆ ಅವರ ಶ್ರೀಮತಿಯವರು ಫೋನ್ ನೋಡಿದಾಗ ವಿಷಯ ಬಯಲಾಯಿತು.

ಈ ಮೋಸದ ಜಾಣತನ ಇರುವುದು ಅದು ಕೇಳುವ ರೀತಿಯಲ್ಲಿ. ನಿಮ್ಮಿಂದ ಹಣ ಕೇಳಿದರೆ ನೀವು ಎಚ್ಚರವಾಗುತ್ತೀರಿ. ಬೇಡದ ವಸ್ತುವನ್ನು ತಪ್ಪಿಸಿಕೊಳ್ಳಲು ಸಹಾಯ ಮಾಡುತ್ತೇನೆ ಎಂದರೆ ನೀವೇ ಆತುರಪಡುತ್ತೀರಿ. ನೀವು ತರಿಸದ ಪಾರ್ಸೆಲ್ ಅನ್ನು ನಿರಾಕರಿಸಲು ನಿಮ್ಮ ಕಾರ್ಡಿನ ವಿವರವಾಗಲಿ, ಬ್ಯಾಂಕಿನ ಓಟಿಪಿಯಾಗಲಿ ಯಾರಿಗೂ ಬೇಕಿಲ್ಲ. ‘ನನ್ನದಲ್ಲ, ತೆಗೆದುಕೊಂಡು ಹೋಗು’ ಎಂದರೆ ಸಾಕು. ಅವನ ಕಚೇರಿಯ ಲೆಕ್ಕ ಅವನದು. ಹೆಸರು, ವಿಳಾಸಗಳು ಅವರಿಗೆ ಸಿಗುವ ದಾರಿ ಹಲವು, ನಾವು ಹರಿಯದೆ ಕಸಕ್ಕೆ ಎಸೆಯುವ ಹಳೆಯ ಡಬ್ಬಗಳ ಲೇಬಲ್ ಕೂಡ ಅವುಗಳಲ್ಲಿ ಒಂದು.

ಓಟಿಪಿಯನ್ನೇ ಕೇಳದೆ ಅದನ್ನು ಕದಿಯುವ ಉಪಾಯವೂ ಇದೆ. ‘ನಿಮ್ಮ ಡೆಲಿವರಿ ಹುಡುಗನ ಜೊತೆ ಮಾತಾಡಲು ಈ ಸಂಖ್ಯೆ ಒತ್ತಿ’ ಎಂದು `*21*` ಅಥವಾ `*401*` ಎಂದು ಆರಂಭವಾಗುವ, ಕೊನೆಗೆ ಮೊಬೈಲ್ ಸಂಖ್ಯೆಯಿರುವ ಸಾಲೊಂದನ್ನು ಹೇಳುತ್ತಾರೆ. ಅದು ಯಾರಿಗೂ ಕರೆ ಮಾಡುವುದಿಲ್ಲ. ನಿಮಗೆ ಬರುವ ಕರೆಗಳನ್ನು ಆ ಸಂಖ್ಯೆಗೆ ತಿರುಗಿಸುವ ಆದೇಶ ಅದು. ವಾಟ್ಸ್‌ಆ್ಯಪ್‌ನಂಥವು ಕರೆಯ ಮೂಲಕವೂ ಓಟಿಪಿಯನ್ನು ಓದಿ ಹೇಳುವುದರಿಂದ, ಅದು ನೇರವಾಗಿ ಅವರ ಕಿವಿಗೆ ಬೀಳುತ್ತದೆ. ಈಗಾಗಲೇ ಹಾಗೆ ಒತ್ತಿದ್ದರೆ `##002#` ಒತ್ತಿ ಎಲ್ಲ ತಿರುಗಿಸುವಿಕೆಯನ್ನು ರದ್ದುಮಾಡಿ.

ಕೊಟ್ಟುಬಿಟ್ಟ ಮೇಲೆ ಏನು ಎಂಬುದು ನೀವು ಕೊಟ್ಟದ್ದು ಯಾವ ಓಟಿಪಿ ಎಂಬುದರ ಮೇಲೆ ನಿಂತಿದೆ. ಬ್ಯಾಂಕಿನದಾಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಜೊತೆಜೊತೆಗೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ಅಥವಾ ಖಾತೆಯನ್ನು ತಡೆಹಿಡಿಸಿ, cybercrime.gov.in ತಾಣದಲ್ಲಿಯೂ ದೂರು ದಾಖಲಿಸಬಹುದು. ಆತುರಕ್ಕೆ ಕಾರಣವಿದೆ. ಗ್ರಾಹಕರ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಪಾವತಿಯ ಗುಟ್ಟನ್ನು ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್ ಬರುತ್ತದೆ ಎಂದು ಕೇಳಿರುತ್ತೀರಿ. ಅದು ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾದ ಸಂದರ್ಭಕ್ಕೆ ಹೇಳಿದ ಮಾತು. ಮೇಷ್ಟ್ರ ಪ್ರಕರಣದಲ್ಲಿ ಎರಡನೆಯ ಮೊತ್ತ ಇನ್ನೂ ಮಾರಾಟಗಾರರಿಗೆ ಸಂದಾಯವಾಗಿರಲಿಲ್ಲವಾದ್ದರಿಂದ ತಡೆದು ತರಿಸಲು ಸಾಧ್ಯವಾಯಿತು. ಮೊದಲನೆಯದು ಗಿಫ್ಟ್ ಕಾರ್ಡ್ ಆಗಿ ಆಗಲೇ ಖರ್ಚಾಗಿತ್ತು, ಅದು ಬರಲಿಲ್ಲ.

ಕೊಟ್ಟದ್ದು ಡೆಲಿವರಿಯ ಓಟಿಪಿಯಾಗಿದ್ದು ಪಾರ್ಸೆಲ್ ಬಾರದಿದ್ದರೆ ಅದೇ ದಿನ ಶಾಪಿಂಗ್ ಆ್ಯಪ್‌ನಲ್ಲಿ ದೂರು ಕೊಡಿ. ‘ಡೆಲಿವರ್ಡ್’ ಎಂದು ತೋರಿಸುವ ಪುಟ, ಹುಡುಗನ ಕರೆಯ ಸಮಯ, ಅವನು ಕಳಿಸಿದ ಸಂದೇಶ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಓಟಿಪಿ ತುಂಬಿದಾಗ ಅವನ ಫೋನ್ ಯಾವ ಜಾಗದಲ್ಲಿತ್ತು ಎಂದು ಲಿಖಿತವಾಗಿ ಕೇಳಿ. ಬಹಳಷ್ಟು ವಿತರಣಾ ಆ್ಯಪ್‌ಗಳು ಅದನ್ನು ದಾಖಲಿಸುತ್ತವೆ. ಅದು ನಿಮ್ಮ ಮನೆಯಿಂದ ದೂರವಿದ್ದರೆ ಓಟಿಪಿ ಹೇಳಿದ್ದೀರಿ ಎಂಬ ಅವರ ವಾದ ಅಷ್ಟಕ್ಕೇ ಸಡಿಲವಾಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಇನ್ನು ನಿಮ್ಮ ಮನೆಯ ಏರ್ಪಾಡು. ಆರ್ಡರ್ ನಿಮ್ಮ ಹೆಸರಿನಲ್ಲಿದ್ದು ಓಟಿಪಿ ನಿಮ್ಮ ಫೋನಿಗೇ ಬರುವುದು ಒಂದು ರೀತಿಯಲ್ಲಿ ಅನುಕೂಲವೇ: ಸಂದೇಶದ ವಾಕ್ಯವನ್ನು ನಿಧಾನವಾಗಿ ಓದಲು ನಿಮಗೆ ಅವಕಾಶವಿರುತ್ತದೆ. ಹುಡುಗ ಬಂದಾಗ ತಂದೆಯವರು ನಿಮಗೆ ಕರೆ ಮಾಡಲಿ; ಬಾಕ್ಸ್ ಜಗುಲಿಯ ಮೇಲಿದೆ, ಹೆಸರು ಸರಿಯಿದೆ ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಸಂಖ್ಯೆಯನ್ನು ಅವರಿಗೆ ಹೇಳಿ, ಅವರು ಹುಡುಗನಿಗೆ ಹೇಳಲಿ. ಹುಡುಗ ನಿಮಗೇ ಕರೆ ಮಾಡಿ ‘ಮನೆ ಮುಂದೆಯೇ ಇದ್ದೇನೆ’ ಎಂದರೆ ‘ಫೋನನ್ನು ಅಪ್ಪನ ಕೈಗೆ ಕೊಡು’ ಎನ್ನಿ. ನಿಜವಾಗಿ ಮನೆ ಮುಂದೆ ಇರುವವನಿಗೆ ಅದು ಅರ್ಧ ನಿಮಿಷದ ಕೆಲಸ. ವಾಪಸ್ ಹೋದ ಮೊಬೈಲ್‌ನ ಆರ್ಡರ್ ಪುಟವನ್ನು ಇವತ್ತೇ ತೆರೆದು ನೋಡಿ: ‘ಡೆಲಿವರ್ಡ್’ ಅಥವಾ ‘ಕ್ಯಾನ್ಸಲ್ಡ್’ ಎಂದಿಲ್ಲದಿದ್ದರೆ ಅದು ಇನ್ನೂ ಹಾಸನದ ವಿತರಣಾ ಕೇಂದ್ರದಲ್ಲಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯವಾಗಿ ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಹಿಂದಕ್ಕೆ ಕಳಿಸುತ್ತಾರೆ, ಆದ್ದರಿಂದ ಆ್ಯಪ್‌ನಲ್ಲೇ ಮರುವಿತರಣೆಯ ದಿನವನ್ನು ಆರಿಸಿ, ಆ ದಿನ ಬರುವ ಓಟಿಪಿಯ ವಿಷಯವನ್ನು ತಂದೆಯವರಿಗೆ ಹಿಂದಿನ ಸಂಜೆಯೇ ತಿಳಿಸಿಡಿ.